ಬೆಲೆ: ಅಭಾವದ ಸೂಚಕವಾಗಿ

ಮಾರುವವನು ಪಡೆಯುವ ಮತ್ತು ಕೊಳ್ಳುವವನು ತೆರುವ ಹಣದ ಮೊತ್ತವೆಂಬುದು ಬೆಲೆಗೆ ಎಲ್ಲರೂ ಬಲ್ಲ ಅರ್ಥ. ಅರ್ಥಶಾಸ್ತ್ರಜ್ಞರು ಇದರ ಜೊತೆಗೆ ಬೆಲೆಗೆ ಮತ್ತೊಂದು ಕಾರ್ಯವನ್ನೂ ಆರೋಪಿಸುತ್ತಾರೆ: ಯಾವ ವಸ್ತು ಎಷ್ಟರ ಮಟ್ಟಿಗೆ ವಿರಳವಾಗಿದೆ ಎಂಬ ವರ್ತಮಾನವನ್ನು, ಆ ವಿರಳತೆಗೆ ಕಾರಣವಾದ ಸಂಗತಿಗಳನ್ನು ಏನೇನೂ ಅರಿಯದ ಜನರಿಗೆ ಮುಟ್ಟಿಸಿ, ಅವರವರು ತಮ್ಮ ತಮ್ಮ ಹೊಲ, ಮಗ್ಗ, ಅಂಗಡಿಗಳಲ್ಲಿ ಅದಕ್ಕೆ ಅನುಗುಣವಾಗಿ ನಡೆದುಕೊಳ್ಳುವಂತೆ ಮಾಡುವುದು. ಇಂತಿಷ್ಟು ಬಿತ್ತಿರಿ, ಇಂತಿಷ್ಟು ನೇಯಿರಿ, ಇದನ್ನು ಮಿತವಾಗಿ ಬಳಸಿರಿ ಎಂದು ಆಜ್ಞಾಪಿಸುವ ಕೇಂದ್ರಾಧಿಕಾರವೊಂದು ಇಲ್ಲದೆಯೇ ಲಕ್ಷಾಂತರ ಉತ್ಪಾದಕರ ಉದ್ಯಮವು ಒಂದು ಬಗೆಯ ಹೊಂದಾಣಿಕೆಗೆ ಬರುವುದು ಈ ಕಾರ್ಯದ ಫಲ. ಆ ಹೊಂದಾಣಿಕೆ ಪೂರ್ಣವಾದುದೂ ಅಲ್ಲ, ಯಾವಾಗಲೂ ನ್ಯಾಯವಾದುದೂ ಅಲ್ಲ. ಅದರ ಮಿತಿಗಳು ಎಲ್ಲಿವೆಯೆಂಬುದು ಮುಂದೆ ತಿಳಿದುಬರುವುದು.

ಈ ಭಾವನೆಯ ಬೀಜವನ್ನು ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿಯೇ ಕಾಣಬಹುದಾದರೂ, ಬೆಲೆಯನ್ನು ಮುಖ್ಯವಾಗಿ ಜ್ಞಾನಪ್ರಸಾರದ ಸಾಧನವೆಂದು ಸ್ಪಷ್ಟವಾಗಿ ಪ್ರತಿಪಾದಿಸಿದವನು ಆಸ್ಟ್ರಿಯದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಫ್ರೆಡರಿಕ್ ಹಾಯೆಕ್. 1945ರಲ್ಲಿ ಅಮೆರಿಕದ ಒಂದು ವಿದ್ವತ್ಪತ್ರಿಕೆಯಲ್ಲಿ ಬೆಳಕಿಗೆ ಬಂದ ಅವನ ಪ್ರಬಂಧದಲ್ಲಿ ತವರದ ಉದಾಹರಣೆಯೊಂದುಂಟು: ಜಗತ್ತಿನ ಎಲ್ಲಿಯೋ ಒಂದು ಕಡೆ ತವರಕ್ಕೆ ಹೊಸ ಉಪಯೋಗ ದೊರೆತಿರಲಿ, ಅಥವಾ ತವರದ ಒಂದು ಗಣಿ ಮುಚ್ಚಿಹೋಗಿರಲಿ, ಆ ಎರಡರಲ್ಲಿ ಯಾವುದು ನಡೆಯಿತೆಂಬುದು ತವರವನ್ನು ಬಳಸುವವನಿಗೆ ತಿಳಿಯಬೇಕಾದ ವಿಷಯವೇ ಅಲ್ಲ, ಅದು ತುಟ್ಟಿಯಾಯಿತೆಂಬುದಷ್ಟೆ ಅವನಿಗೆ ಸಾಕು. ಹಾಯೆಕ್ ಕಲ್ಪಿಸಿಕೊಂಡ ಈ ತವರಕ್ಕಿಂತ, ಅವನಿಗೆ ಎಂಬತ್ತು ವರ್ಷ ಮೊದಲು ನಿಜವಾಗಿ ನಡೆದು, ಲಿವರ್‌ಪೂಲಿನ ಪೇಟೆಯಿಂದ ಧಾರವಾಡ ಸೀಮೆಯ ಎರೆಹೊಲಗಳವರೆಗೂ ತನ್ನ ಪರಿಣಾಮವನ್ನು ಬೀರಿದ ಹತ್ತಿಯ ಪ್ರಕರಣವು ಈ ತತ್ತ್ವದ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸುವುದರಿಂದ, ಇಲ್ಲಿ ಅದನ್ನೇ ವಿಸ್ತಾರವಾಗಿ ಪರಿಶೀಲಿಸುವುದು ಯುಕ್ತ.

1860ರಲ್ಲಿ ಬ್ರಿಟನ್ ಸುಮಾರು 139 ಕೋಟಿ ಪೌಂಡು ತೂಕದ ಹತ್ತಿಯನ್ನು ತರಿಸಿಕೊಂಡಿತು. ಅದರಲ್ಲಿ 111 ಕೋಟಿಯಷ್ಟು ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ, ಗುಲಾಮರ ದುಡಿಮೆಯಿಂದ ಬೆಳೆದು ಬಂದದ್ದು. ಭಾರತದಿಂದ ಬಂದದ್ದು 20 ಕೋಟಿ ಮಾತ್ರ. ಮರುವರ್ಷದ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಪ್ರಾರಂಭವಾಯಿತು. ಉತ್ತರದವರು ದಕ್ಷಿಣದ ರೇವುಗಳಿಗೆ ನೌಕಾದಿಗ್ಬಂಧನ ಹಾಕಿದರು. ದಕ್ಷಿಣದವರಾದರೋ, ಹತ್ತಿಯಿಲ್ಲದೆ ಇಂಗ್ಲೆಂಡು ತಮ್ಮ ಪಕ್ಷಕ್ಕೆ ಬಂದೇ ಬರುವುದೆಂದು ನಂಬಿ, ಮೊದಲ ವರ್ಷ ತಾವಾಗಿಯೇ ಹತ್ತಿಯನ್ನು ತಡೆಹಿಡಿದರು. 1862ರಲ್ಲಿ ಅಮೆರಿಕದಿಂದ ಬ್ರಿಟನ್ನಿಗೆ ಬಂದ ಹತ್ತಿ ಒಂದೂವರೆ ಕೋಟಿ ಪೌಂಡನ್ನೂ ಮುಟ್ಟಲಿಲ್ಲ. ಯುದ್ಧಕ್ಕೆ ಮುಂಚೆ ಪೌಂಡಿಗೆ 6 ಅಥವಾ 7 ಪೆನ್ನಿಯಿದ್ದ ಮಧ್ಯಮ ತರಗತಿಯ ಓರ್ಲಿಯನ್ಸ್ ಹತ್ತಿ 1864ರ ಬೇಸಗೆಯಲ್ಲಿ 31 ಪೆನ್ನಿಯನ್ನು ಮೀರಿತು. ಲ್ಯಾಂಕಷೈರಿನವರು ಭಾರತದ ಹತ್ತಿಗೆಲ್ಲ ಸಾಮಾನ್ಯವಾಗಿ ಕೊಟ್ಟಿದ್ದ ಹೆಸರು ಸೂರತ್ ಎಂದು. ನಾಲ್ಕೈದು ಪೆನ್ನಿಗೆ ದೊರೆಯುತ್ತಿದ್ದ ಆ ಸೂರತ್ ಹತ್ತಿಯೂ 20 ಪೆನ್ನಿಯನ್ನು ದಾಟಿ ಮೇಲೇರಿತು.

ಈ ಏರಿಕೆ ಬಂದ ಬಗೆಯೂ ಗಮನಾರ್ಹ. ಯುದ್ಧ ಮೊದಲಾದ ಕೂಡಲೆ ಧಾರಣೆ ಆಕಾಶಕ್ಕೆ ಜಿಗಿಯಲಿಲ್ಲ. ಹಿಂದಿನ ವರ್ಷಗಳ ಅತ್ಯುತ್ಪಾದನೆಯಿಂದ ಗೋದಾಮುಗಳಲ್ಲಿ ಅರಳೆಯೂ ಬಟ್ಟೆಯೂ ಧಾರಾಳವಾಗಿ ಉಳಿದಿದ್ದುವು. ಯುದ್ಧ ಕೆಲವೇ ತಿಂಗಳಲ್ಲಿ ಮುಗಿಯುವುದೆಂಬ ನಂಬಿಕೆಯೂ ಸಾರ್ವತ್ರಿಕವಾಗಿತ್ತು. 1862ರ ಬೇಸಗೆಯಲ್ಲಿ, ದಾಸ್ತಾನು ಕರಗುತ್ತ ಬಂದು, ಯುದ್ಧವು ದೀರ್ಘಕಾಲದ್ದೆಂಬುದು ಮನವರಿಕೆಯಾದ ಮೇಲೆ, ಧಾರಣೆ ಹಠಾತ್ತನೆ ಮೇಲೇರಿತು. ಎಂದರೆ ಬೆಲೆಯು ಇಂದಿನ ಕೊರತೆಯೊಂದನ್ನೇ ಅಲ್ಲ, ನಾಳೆಯ ಕೊರತೆಯ ವಿಷಯದಲ್ಲಿ ಜನರಿಗಿರುವ ಅಭಿಪ್ರಾಯವನ್ನೂ ತನ್ನಲ್ಲಿ ಅಡಗಿಸಿಕೊಂಡಿರುತ್ತದೆ. ಅಭಿಪ್ರಾಯ ತಪ್ಪಿದರೆ ಸೂಚನೆಯೂ ತಪ್ಪುವುದು.

ಇಷ್ಟಕ್ಕೆ ಮುಂಚೆ ಭಾರತದಲ್ಲಿ ಹತ್ತಿಯನ್ನು ಹೆಚ್ಚಿಸಬೇಕೆಂಬ ಪ್ರಯತ್ನ ನಡೆದಿರಲಿಲ್ಲವೆಂದಲ್ಲ. ಈಸ್ಟ್ ಇಂಡಿಯಾ ಕಂಪೆನಿಯವರು 1840ರಲ್ಲಿ ಅಮೆರಿಕದಿಂದ ಹತ್ತಿ ಬೆಳೆಯುವ ತೋಟಗಾರರನ್ನೇ ಸಂಬಳ ಕೊಟ್ಟು ಕರೆಸಿದರು. ಧಾರವಾಡದ ಸುತ್ತ ನ್ಯೂ ಓರ್ಲಿಯನ್ಸಿನ ಬೀಜ ಬೇರೂರಿದ್ದು ಆ ಪ್ರಯೋಗಗಳ ಕಾಲದಲ್ಲಿ. 1857ರಲ್ಲಿ ಮ್ಯಾಂಚೆಸ್ಟರಿನ ಗಿರಣಿಯವರು ಹತ್ತಿ ಸರಬರಾಯಿಯ ಸಂಘವೊಂದನ್ನು ಕಟ್ಟಿ, ಬೀಜವನ್ನೂ ಯಂತ್ರಗಳನ್ನೂ ಹಂಚುತ್ತ, ಕರಪತ್ರಗಳನ್ನು ಹೊರಡಿಸುತ್ತ, ಒಂದೇ ನಾಡನ್ನು ನಂಬಿಕೊಂಡಿರುವ ಅಪಾಯವನ್ನು ಕುರಿತು ಎಚ್ಚರಿಸುತ್ತಲಿದ್ದರು. ಅವರ ಮುಂದಾಲೋಚನೆ ಸರಿಯಾದುದೇ. ಆದರೆ ಅಮೆರಿಕದ ಹತ್ತಿ ಅಗ್ಗವಾಗಿ ಬರುತ್ತಿರುವ ತನಕ ಆ ಸಂಘದ ಸದಸ್ಯರೇ ಭಾರತದ ಹತ್ತಿಗೆ ಹೆಚ್ಚಿನ ಕ್ರಯ ಕೊಡಲು ಸಿದ್ಧರಿರಲಿಲ್ಲ. ಬೋಧನೆಯ ಜೊತೆಯಲ್ಲಿ ಬೆಲೆ ಬರಲಿಲ್ಲವಾದ್ದರಿಂದ ರೈತನು ಬೋಧನೆಯನ್ನು ಕೇಳಿ ಸುಮ್ಮನಾದನು. ಯುದ್ಧದ ಬೆಲೆ ಬಂದೊಡನೆ ಚಿತ್ರ ಬದಲಾಯಿತು. ಭಾರತದಿಂದ ಬ್ರಿಟನ್ನಿಗೆ ಹೋದ ಹತ್ತಿ 1861ರಲ್ಲಿ ಸುಮಾರು 37 ಕೋಟಿ ಪೌಂಡಿಗೂ, 1864ರಲ್ಲಿ 50 ಕೋಟಿಗೂ, 1866ರಲ್ಲಿ 61 ಕೋಟಿಗೂ ಏರಿತು.

ಈ ಹೆಚ್ಚಳವೆಲ್ಲ ಹೊಸದಾಗಿ ಬೆಳೆದದ್ದೆಂದು ತಿಳಿಯಬಾರದು. 1861ರಲ್ಲಿ ಒಮ್ಮೆಲೆ ಕಂಡುಬಂದ ಏರಿಕೆಯಲ್ಲಿ ಬಹುಭಾಗ, ಅನ್ಯಥಾ ಚೀನಾ ದೇಶಕ್ಕೆ ಹೋಗುತ್ತಿದ್ದ ಅಥವಾ ಇಲ್ಲಿಯ ಚರಕ ಮಗ್ಗಗಳಿಗೆ ಒದಗುತ್ತಿದ್ದ ಹತ್ತಿಯು ಲಿವರ್‌ಪೂಲಿನ ದಾರಿ ಹಿಡಿದದ್ದು. ಮುಂಬಯಿಯಲ್ಲಿ ಜನ ಹಾಸಿಗೆ ದಿಂಬುಗಳನ್ನು ಹರಿದು ಒಳಗಿನ ಅರಳೆಯನ್ನು ಮಾರಿದರೆಂಬ ಕಥೆ ಆ ನಗರದ ಚರಿತ್ರೆಗಳಲ್ಲಿ ಬಂದಿದೆ. ಅದರಲ್ಲಿ ಅತಿಶಯೋಕ್ತಿ ಇದ್ದೀತಾದರೂ ತತ್ತ್ವದ ದೃಷ್ಟಿಯಿಂದ ಅದು ಬಹಳ ಉಚಿತವಾದ ಕಥೆ. ಬೆಲೆ ಏರಿದಾಗ ಮೊದಲು ಹೊರಬರುವುದು ಇರುವ ವಸ್ತು. ಬಳಿಕ ಬರುವುದು ಬೇರೆಡೆಯಿಂದ ತಿರುಗಿಸಿದ ವಸ್ತು. ಬಿತ್ತಿ ಬೆಳೆದದ್ದು ಬರಲು ಕಾಲ ಬೇಕು. ಧಾರವಾಡ ಸೀಮೆಯ ಜವಾರಿ ಹತ್ತಿಯನ್ನು ಶ್ರಾವಣ ಭಾದ್ರಪದಗಳ ಮಳೆಯ ಹದದಲ್ಲಿ ಬಿತ್ತಿದರೆ, ಬಿಡಿಸುವುದು ಮಾಘ ಫಾಲ್ಗುಣಗಳಿಂದೀಚೆಗೆ. ಅದು ಘಟ್ಟವನ್ನಿಳಿದು ಕುಮಟೆಯ ರೇವನ್ನು ಸೇರಿ, ಮುಂಗಾರಿಗೆ ಸಮುದ್ರ ಕೆರಳಿ ಹಡಗುಗಳ ಸಂಚಾರ ನಿಲ್ಲುವುದಕ್ಕೆ ಮುಂಚೆ ಮುಂಬಯಿಗೆ ಹೊರಡಬೇಕು. ಆ ಗಡುವು ತಪ್ಪಿದರೆ ಮಳೆಗಾಲ ಕಳೆಯುವ ತನಕ ಕಾಯಬೇಕು. ಈ ವರ್ಷದ ಮಳೆಗಾಲದಲ್ಲಿ ಕೇಳಿದ ಬೆಲೆಗೆ ಉತ್ತರವಾಗಿ ಬೆಳೆದ ಹತ್ತಿ ಲ್ಯಾಂಕಷೈರಿನ ಗಿರಣಿಯನ್ನು ಕಾಣುವುದು, ಹಾಯಿಹಡಗು ಆಫ್ರಿಕದ ತುದಿಯನ್ನು ಸುತ್ತಿ ಹೋಗುತ್ತಿದ್ದ ಆ ದಿನಗಳಲ್ಲಿ, ಹೆಚ್ಚುಕಡಿಮೆ ಮುಂದಿನ ವರ್ಷದ ಮಳೆಗಾಲ ಮುಗಿದ ಮೇಲೆ.

ಕುಮಟೆಯ ಹೆಸರು ಇಲ್ಲಿ ಬಂದದ್ದರಿಂದ ಒಂದು ಮಾತು. ಹುಬ್ಬಳ್ಳಿ, ಗದಗು, ನವಲಗುಂದಗಳ ಕಡೆಯ ಜವಾರಿ ಹತ್ತಿ ಆ ರೇವಿನಿಂದ ಹಡಗೇರುತ್ತಿದ್ದುದರಿಂದ, ಬೆಳೆದ ಊರಿನ ಬದಲು ಸಾಗಿಸಿದ ಊರಿನ ಹೆಸರೇ ಅದಕ್ಕೆ ಅಂಟಿಕೊಂಡು, ಲಿವರ್‌ಪೂಲಿನ ದರಪಟ್ಟಿಯಲ್ಲಿ ಭಡೋಚ್, ಧೋಲೇರಾ, ಅಮರಾವತಿಗಳೊಡನೆ ಕುಮಟಾ ಎಂಬುದೂ ಒಂದು ತರಗತಿಯಾಗಿ ಅಚ್ಚಾಗುತ್ತಿತ್ತು. ಅಮೆರಿಕದ ಬೀಜದಿಂದ ಬೆಳೆದ ಹತ್ತಿಗೆ ಧಾರವಾಡ ಎಂಬ ಬೇರೆಯ ಹೆಸರೇ ಇತ್ತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ, ಕಾರವಾರವನ್ನು ಹತ್ತಿಯ ಬಂದರನ್ನಾಗಿ ಬೆಳೆಯಿಸಬೇಕೆಂಬ ಮ್ಯಾಂಚೆಸ್ಟರಿನವರ ಒತ್ತಾಯವಿತ್ತು. ಬೆಲೆಯೊಂದು ಜಿಲ್ಲೆಯ ಗಡಿಯನ್ನೂ ಅಲುಗಿಸಬಲ್ಲುದು.

ಲಿವರ್‌ಪೂಲಿನ ಬೆಲೆ ಒಂದು ಹಳ್ಳಿಯನ್ನು ಮುಟ್ಟುವ ಹೊತ್ತಿಗೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡುವುದು ಪ್ರಯೋಜನಕರ. ಇಲ್ಲಿ ಕೊಡುವ ಅಂಕೆಗಳು ವಿವರಣೆಗಾಗಿ ಇಟ್ಟುಕೊಂಡವು. ಆಗಿನ ರೂಪಾಯಿಗೆ 24 ಪೆನ್ನಿ, ಆಣೆಗೆ ಒಂದೂವರೆ ಪೆನ್ನಿ. ಲಿವರ್‌ಪೂಲಿನಲ್ಲಿ ಹತ್ತಿ ಪೌಂಡಿಗೆ 6 ಪೆನ್ನಿ, ಎಂದರೆ 4 ಆಣೆ ಇದೆಯೆಂದೂ, ಹುಬ್ಬಳ್ಳಿಯ ಹತ್ತಿರದ ಒಂದು ಊರಿನಿಂದ ಅಲ್ಲಿಯವರೆಗೆ ಗಾಡಿಯ ಬಾಡಿಗೆ, ಅಂಡಿಗೆ ಕಟ್ಟುವ ಖರ್ಚು, ಹಡಗಿನ ಸಾಗಣೆ, ವಿಮೆ, ದಲಾಲಿ, ಬಡ್ಡಿ ಎಲ್ಲ ಸೇರಿ 2 ಆಣೆ ಬೀಳುವುದೆಂದೂ ಭಾವಿಸೋಣ. ಊರಿನಲ್ಲಿ ರೈತನಿಗೆ ಸಿಕ್ಕುವುದು 2 ಆಣೆ. ಈಗ ಲಿವರ್‌ಪೂಲಿನ ಬೆಲೆ 18 ಪೆನ್ನಿಗೆ, ಎಂದರೆ 12 ಆಣೆಗೆ ಏರಿತು. ಸಾಗಣೆಯ ಖರ್ಚು ತೂಕವನ್ನು ಅನುಸರಿಸುವುದೇ ಹೊರತು ಬೆಲೆಯನ್ನಲ್ಲವಾದ್ದರಿಂದ, ಅದು ಇದ್ದಷ್ಟೇ ಇದ್ದರೆ, ರೈತನಿಗೆ ಸಿಕ್ಕುವುದು 10 ಆಣೆ. ಲಿವರ್‌ಪೂಲಿನಲ್ಲಿ ಮೂರು ಪಟ್ಟಾದ ಬೆಲೆ ಹಳ್ಳಿಯಲ್ಲಿ ಐದು ಪಟ್ಟಾಯಿತು. ಇನ್ನೂ ಒಳನಾಡಿನ, ರಸ್ತೆಯಿಲ್ಲದ ಮತ್ತೊಂದು ಊರಿನಿಂದ ಸಾಗಣೆಗೆ 4 ಆಣೆ ತಗಲುವುದಾದರೆ, ಮೊದಲು ಆ ಊರಿನ ಹತ್ತಿಗೆ ಸಮುದ್ರದಾಚೆಯ ಪೇಟೆಯಲ್ಲಿ ಬೆಲೆಯೇ ಇರಲಿಲ್ಲ. ಈಗ ಪೌಂಡಿಗೆ 8 ಆಣೆ ಉಳಿಯುವುದು. ಆ ಊರಿನ ರೈತ ಅಮೆರಿಕವೆಂಬ ದೇಶದ ಹೆಸರನ್ನು ಕೇಳಿರಬೇಕಾದುದಿಲ್ಲ. ಹಿಂದೆ ಎಂದೂ ಬಾರದ ಅಡತಿಯವನೊಬ್ಬನು ಗಾಡಿ ಹೊಡೆದುಕೊಂಡು ಬಂದು, ಊರ ಚಾವಡಿಯ ಮುಂದೆ ನಿಂತು ಹತ್ತಿ ಕೇಳುತ್ತಿದ್ದಾನೆಂಬುದೇ ಅವನಿಗೆ ಬೇಕಾದ ವರ್ತಮಾನವೆಲ್ಲ.

ಈ ಲೆಕ್ಕದಲ್ಲಿ ಒಂದು ಊಹೆ ಮಾತ್ರ ಬಹುಕಾಲ ನಿಲ್ಲಲಾರದು. ಸಾಗಣೆಯ ಖರ್ಚು ಇದ್ದಷ್ಟೇ ಇರುವುದಿಲ್ಲ. ಎಲ್ಲ ಊರುಗಳಿಂದಲೂ ಗಾಡಿಗಳಿಗೆ ಕರೆ ಬಂದಾಗ ಗಾಡಿಯೇ ವಿರಳವಾಗುವುದು, ಎತ್ತಿನ ಬೆಲೆ ಏರುವುದು, ಹತ್ತಿ ಬಿಡಿಸುವ ಕೂಲಿ ಹೆಚ್ಚುವುದು. ಹೀಗೆ ಹತ್ತಿಯ ಅಭಾವವು ಗಾಡಿಯ ಅಭಾವವಾಗಿ, ಗಾಡಿಯದು ಎತ್ತಿನದಾಗಿ ಹಬ್ಬುತ್ತ, ಬಡಗಿಗೆ ಗಾಡಿ ಮಾಡೆಂದೂ, ಹೋರಿ ಸಾಕುವವನಿಗೆ ಹೋರಿ ಸಾಕೆಂದೂ ಹೇಳುವುದು. ಹತ್ತಿಗೆ ಬಿಟ್ಟ ಎರೆಯಲ್ಲಿ ಜೋಳ ಬೆಳೆಯದು. ಆಗ ಜೋಳದ ಧಾರಣೆಯೂ ಏರಿ, ಎಲ್ಲ ಹೊಲವನ್ನೂ ಹತ್ತಿಗೇ ಒಪ್ಪಿಸದಂತೆ ರೈತನ ಕೈ ಹಿಡಿಯುವುದು. ಯಾವ ಅಧಿಕಾರಿಯೂ ಹತ್ತಿಗೆ ಇಷ್ಟು, ಜೋಳಕ್ಕೆ ಇಷ್ಟು ಎಂದು ಗೆರೆ ಎಳೆದಿರಲಿಲ್ಲ. ಎರಡು ಧಾರಣೆಗಳ ನಡುವಣ ಅಂತರವೇ ಆ ಗೆರೆಯನ್ನು ಅತ್ತಿತ್ತ ಸರಿಸುತ್ತಿತ್ತು. ಒಂಟಿ ಬೆಲೆ ಯಾವುದೂ ಏನನ್ನೂ ಹೇಳದು. ಇನ್ನೊಂದು ಬೆಲೆಯ ಪಕ್ಕದಲ್ಲಿ ನಿಂತಾಗಲೇ ಅದಕ್ಕೆ ಅರ್ಥ.

ಇಂಗ್ಲೆಂಡಿನ ಕಡೆಯಲ್ಲಿ ಅದೇ ಸೂಚನೆ ಬೇರೆ ರೂಪದಿಂದ ಕೆಲಸ ಮಾಡಿತು. ಸೂರತ್ ಹತ್ತಿಯ ಎಳೆ ಗಿಡ್ಡ, ಕಸ ಹೆಚ್ಚು, ಯಂತ್ರದಲ್ಲಿ ಅಡಿಗಡಿಗೆ ಹರಿಯುವಂಥದು. ಅದನ್ನು ನೂಲುವಂತೆ ಯಂತ್ರಗಳನ್ನು ತಿದ್ದಿಕೊಂಡ ಗಿರಣಿಗಳು ಉಳಿದವು. ನೂಲನ್ನು ತೆಳ್ಳಗೆ ತೆಗೆದು ಗಜಕ್ಕೆ ಬೇಕಾಗುವ ಹತ್ತಿಯನ್ನು ಕಡಿಮೆ ಮಾಡುವುದೂ, ಹಾಸಿಗೆ ಹಾಕುವ ಗಂಜಿಯಲ್ಲಿ ಬಿಳಿಜೇಡಿಯನ್ನು ಬೆರಸಿ ಬಟ್ಟೆಗೆ ತೂಕ ತರುವುದೂ ಹೆಚ್ಚಿದುವು. ಎರಡನೆಯದನ್ನು ಮಿತವ್ಯಯವೆನ್ನಬೇಕೋ ವಂಚನೆಯೆನ್ನಬೇಕೋ ಎಂಬುದು ಆ ಬಟ್ಟೆಯನ್ನು ಒಗೆದು ನೋಡಿದವರಿಗೆ ಬಿಟ್ಟದ್ದು. ಹತ್ತಿಯ ವ್ಯಾಪಾರವನ್ನೇ ಅರಿಯದವರ ಮೇಲೆ ಬಿದ್ದ ಪರಿಣಾಮವಂತೂ ಇನ್ನೂ ಸ್ವಾರಸ್ಯವಾದುದು: ಐರ್ಲೆಂಡಿನ ಬೇಸಾಯಗಾರರು ಅಗಸೆನಾರಿನ ಬೆಳೆಯನ್ನು ವಿಸ್ತರಿಸಿದರು, 1864ರಲ್ಲಿ ಅದು 3 ಲಕ್ಷ ಎಕರೆಯನ್ನು ಮೀರಿತು; ಹತ್ತಿಯ ಬಟ್ಟೆ ತುಟ್ಟಿಯಾದುದರಿಂದ ನಾರುಬಟ್ಟೆಗೂ ಉಣ್ಣೆಗೂ ಗಿರಾಕಿಗಳು ಹೆಚ್ಚಿದ್ದರು. ಈಜಿಪ್ಟಿನ ನೈಲ್ ಮುಖಜಭೂಮಿಯಿಂದ ಬ್ರಿಟನ್ನಿಗೆ ಬರುವ ಹತ್ತಿ ಐದು ವರ್ಷಗಳಲ್ಲಿ ನಾಲ್ಕು ಪಟ್ಟಾಯಿತು. ಬೆಲ್‌ಫಾಸ್ಟಿನ ಸುತ್ತಣ ಒಕ್ಕಲಿಗನೂ ನೈಲ್ ದಂಡೆಯ ಫೆಲ್ಲಾಹನೂ ಹುಬ್ಬಳ್ಳಿಯ ಕಡೆಯ ರೈತನೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಕೊರತೆಯನ್ನು ತುಂಬುತ್ತಿದ್ದರು.

ಇದಿಷ್ಟು ಬೆಲೆಯ ಸಾಮರ್ಥ್ಯದ ಮಾತಾಯಿತು. ಅದರ ಮಿತಿಗಳಲ್ಲಿ ಮೊದಲನೆಯದು ಗುಣಕ್ಕೆ ಸಂಬಂಧಿಸಿದುದು. ಬೆಲೆಯ ಅಂಕೆ ಸತ್ಯವನ್ನು ನುಡಿಯಬೇಕಾದರೆ ಅದು ಯಾವ ವಸ್ತುವಿನ ಬೆಲೆಯೆಂಬುದು ನಿಶ್ಚಿತವಾಗಿರಬೇಕು. ಜವಾರಿ ಹತ್ತಿಯ ಬೀಜವನ್ನು ಧಾರವಾಡ ಸೀಮೆಯ ಹೆಂಗಸರು ಮನೆಯಲ್ಲಿಯೇ ಬೇರ್ಪಡಿಸುತ್ತಿದ್ದರು: ಚಪ್ಪಟೆಯಾದ ಕಲ್ಲಿನ ಮೇಲೆ ಹತ್ತಿಯನ್ನು ಹರಡಿ, ಗಿಡ್ಡ ಮಣೆಯ ಮೇಲೆ ಕುಳಿತು, ಕಬ್ಬಿಣದ ಸರಳನ್ನು ಅಂಗಾಲಿನಿಂದ ಹಿಂದೆ ಮುಂದೆ ಉರುಳಿಸಿದರೆ, ಕಾಳು ಮುಂದಕ್ಕೆ ಚಿಮ್ಮಿ ಅರಳೆ ಹಿಂದೆ ಉಳಿಯುತ್ತಿತ್ತು. ಅಮೆರಿಕದ ತಳಿಯಲ್ಲಿ ಎಳೆ ಬೀಜಕ್ಕೆ ಬಲವಾಗಿ ಅಂಟಿಕೊಂಡಿರುವುದರಿಂದ ಈ ಉಪಾಯ ನಡೆಯದು. ಅದಕ್ಕೆ ಗರಗಸದ ಹಲ್ಲುಳ್ಳ ಜಿನ್ನು ಬೇಕು. ಬೆಲೆಯ ಅಂತರ ದೊಡ್ಡದಾದಾಗ ಎರಡು ಬಗೆಯ ಹತ್ತಿಯನ್ನು ಬೆರಸಿ ಒಂದೇ ಜಿನ್ನಿಗೆ ಹಾಕಿ, ಉತ್ತಮವಾದುದರ ಹೆಸರಿನಲ್ಲಿ ಮಾರುವ ಪ್ರಲೋಭನೆ ಬಲವಾಯಿತು. ಅಂಡಿಗೆಯ ಒಳಗೆ ಕಾಳು, ಮಣ್ಣು, ಹಳೆಯ ಅರಳೆ ಸೇರುವುದೂ, ತೂಕ ಬರಲೆಂದು ನೀರು ಚಿಮುಕಿಸುವುದೂ ಸಾಮಾನ್ಯವಾಯಿತು. ಇದನ್ನು ಪತ್ತೆ ಹಚ್ಚುವುದು ಸುಲಭವಲ್ಲ. ಅಂಡಿಗೆಯ ಬಾಯಲ್ಲಿ ಕಾಣುವ ಅರಳೆ ಬೆಳ್ಳಗಿದ್ದು ಮೋಸವೆಲ್ಲ ಹೊಟ್ಟೆಯಲ್ಲಿರುವುದರಿಂದ, ಪರೀಕ್ಷಕನು ನಡುವೆ ಕೈಯಿಕ್ಕಿ ಒಂದು ಹಿಡಿ ಎಳೆದು, ಬೆರಳಿನಲ್ಲಿ ಎಳೆಯನ್ನು ಜಗ್ಗಿ ಉದ್ದವನ್ನು ನೋಡಬೇಕು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿಯ ವಂಚನೆಯನ್ನು ತಡೆಯುವುದಕ್ಕಾಗಿಯೇ ಕಾನೂನೊಂದನ್ನು ಮಾಡಿ ತನಿಖೆಯ ಅಧಿಕಾರಿಗಳನ್ನು ನೇಮಿಸಬೇಕಾಯಿತು. ಕೇಂದ್ರಯೋಜನೆಯಿಲ್ಲದೆ ಪೇಟೆ ನಡೆಯಬಹುದು. ತೂಕದ ಕಲ್ಲಿಗೂ ತರಗತಿಯ ಹೆಸರಿಗೂ ಕಾವಲಿಲ್ಲದೆ ನಡೆಯಲಾರದು. ಮಾರುಕಟ್ಟೆಯನ್ನು ಹೊಗಳುವವರು ಈ ಕಾವಲುಗಾರನನ್ನು ಮರೆಯುವುದು ವಾಡಿಕೆ.

ಎರಡನೆಯ ಮಿತಿ ಇನ್ನೂ ಕಠಿನವಾದುದು. ಬೆಲೆ ಅಳೆಯುವುದು ಜನರ ಅಗತ್ಯವನ್ನಲ್ಲ, ಅಗತ್ಯದ ಹಿಂದೆ ಇರುವ ಹಣವನ್ನು. ಹತ್ತಿಗೆ ಇಪ್ಪತ್ತು ಪೆನ್ನಿ ಕೊಡಬಲ್ಲ ಗಿರಣಿ ನಡೆಯಿತು. ಕೊಡಲಾರದುದು ಬಾಗಿಲು ಹಾಕಿತು. ಅದರ ಕೂಲಿಕಾರರು ಬೀದಿಗೆ ಬಂದರು. 1862ರ ಡಿಸೆಂಬರಿನಲ್ಲಿ ಲ್ಯಾಂಕಷೈರಿನಲ್ಲಿಯೂ ಅದರ ನೆರೆಹೊರೆಯಲ್ಲಿಯೂ ಧರ್ಮದ ನೆರವಿನಿಂದ ಹೊಟ್ಟೆ ಹೊರೆಯುತ್ತಿದ್ದವರ ಸಂಖ್ಯೆ 5 ಲಕ್ಷಕ್ಕೆ ಹತ್ತಿರವಾಗಿತ್ತು. ನಮ್ಮ ಕಡೆಯಲ್ಲಿ ಕೈಮಗ್ಗದ ನೇಕಾರನೂ ತನ್ನ ಮನೆಯ ಮುಂದೆಯೇ ಬೆಳೆದ ಹತ್ತಿಗೆ ಲಿವರ್‌ಪೂಲಿನ ಪ್ರತಿಸ್ಪರ್ಧಿಯೊಡನೆ ಹಣ ಎಣಿಸಬೇಕಾಗಿ ಬಂದು ಸೋತನು. ಹತ್ತಿ ಕಡಿಮೆಯಾದಾಗ ಯಾರಾದರೂ ಕಡಿಮೆ ಬಳಸಲೇಬೇಕು, ನಿಜ. ಯಾರು ಕಡಿಮೆ ಬಳಸಬೇಕೆಂಬುದನ್ನು ಮಾತ್ರ ಬೆಲೆಯು ಅವರವರ ಚೀಲವನ್ನು ನೋಡಿ ತೀರ್ಮಾನಿಸುವುದು.

ಮೂರನೆಯ ಮಿತಿಯೇ ಈ ಪ್ರಕರಣದಲ್ಲಿ ಅತ್ಯಂತ ಹೆಚ್ಚಿನ ಹಾನಿಯನ್ನುಂಟುಮಾಡಿತು. ಬೆಲೆಯು ಎಷ್ಟು ಎಂಬುದನ್ನು ಹೇಳುವುದು. ಎಲ್ಲಿಯ ತನಕ ಎಂಬುದನ್ನು ಹೇಳದು. ಹತ್ತಿಯ ಏರಿಕೆಗೆ ಕಾರಣ ಯುದ್ಧವೆಂಬುದನ್ನು ರೈತನು ಅರಿಯಬೇಕಾಗಿಲ್ಲವೆಂದು ಮೇಲೆ ಹೇಳಿದೆಯಷ್ಟೆ. ಒಂದು ವರ್ಷದ ಬಿತ್ತನೆಯ ಮಟ್ಟಿಗೆ ಆ ಮಾತು ಸಲ್ಲುವುದು. ಸಾಲ ಮಾಡಿ ಎತ್ತು ಕೊಳ್ಳುವವನಿಗೆ, ಬಾವಿ ತೋಡಿಸುವವನಿಗೆ, ಮುಂಬಯಿಯಲ್ಲಿ ಸಮುದ್ರವನ್ನು ತುಂಬಿ ನೆಲ ಮಾಡುವ ಕಂಪೆನಿಯ ಷೇರು ಹಿಡಿಯುವವನಿಗೆ ಅದು ಸಲ್ಲದು. ಅವರಿಗೆ ಕಾರಣವೇ ಮುಖ್ಯ, ಏಕೆಂದರೆ ಯುದ್ಧದಿಂದ ಬಂದ ಬೆಲೆ ಯುದ್ಧದೊಡನೆ ಹೋಗುವುದು. ಅಮೆರಿಕದಲ್ಲಿ ಸಂಧಿಯಾಗಬಹುದೆಂಬ ಬರಿಯ ವದಂತಿಯಿಂದಲೇ 1864ರ ಶರತ್ಕಾಲದಲ್ಲಿ ಲಿವರ್‌ಪೂಲಿನ ಧಾರಣೆ ಕುಸಿದು ಹಲವು ಮನೆತನಗಳು ದಿವಾಳಿ ಎದ್ದುವು. ಮರುವರ್ಷದ ಏಪ್ರಿಲಿನಲ್ಲಿ ದಕ್ಷಿಣದ ಸೇನಾನಿ ಲೀ ಶರಣಾಗತನಾದನು. ಮುಂಬಯಿಯಲ್ಲಿ ಹತ್ತಿಯ ಲಾಭದ ಮೇಲೆ ಎದ್ದಿದ್ದ ಷೇರುಗಳ ಕಟ್ಟಡವೆಲ್ಲ, ವಾಯಿದೆಯ ವ್ಯವಹಾರಗಳು ಇತ್ಯರ್ಥವಾಗಬೇಕಾಗಿದ್ದ 1865ರ ಜುಲೈ 1ರ ಹೊತ್ತಿಗೆ ಉರುಳಿಬಿತ್ತು. ಆ ತೇಜಿಯ ನಾಯಕನೆನಿಸಿದ್ದ ಪ್ರೇಮಚಂದ ರಾಯಚಂದನ ವ್ಯವಹಾರ ಮುಳುಗಿತು. ಬ್ಯಾಂಕ್ ಆಫ್ ಬಾಂಬೆ ತರುವಾಯ ಮುಚ್ಚಿತು.

ಹಳ್ಳಿಯಲ್ಲಿ ಇಳಿತದ ಪೆಟ್ಟು ಇನ್ನೂ ಬಿರುಸು. ಮೇಲೆ ಮಾಡಿದ ಲೆಕ್ಕವನ್ನು ತಿರುಗಿಸಿ ನೋಡಿದರೆ ಕಾರಣ ಗೊತ್ತಾಗುವುದು: ಲಿವರ್‌ಪೂಲಿನಲ್ಲಿ ಬೆಲೆ 12 ಆಣೆಯಿಂದ 6 ಆಣೆಗೆ, ಅರ್ಧಕ್ಕೆ, ಇಳಿದರೆ, ಸಾಗಣೆಗೆ 2 ಆಣೆ ತೆತ್ತ ಮೇಲೆ ಹತ್ತಿರದ ಊರಿನ ರೈತನಿಗೆ 10ರ ಜಾಗದಲ್ಲಿ 4, ದೂರದ ಊರಿನವನಿಗೆ 8ರ ಜಾಗದಲ್ಲಿ 2 ಮಾತ್ರ. ಪೇಟೆಗೆ ಅರ್ಧವಾದದ್ದು ದೂರದವನಿಗೆ ಕಾಲುಭಾಗ. ಏರುವಾಗ ಕೊನೆಯಲ್ಲಿ ಕರೆಯಿಸಿಕೊಂಡವನೇ ಇಳಿಯುವಾಗ ಮೊದಲು ಬೀಳುವನು. ಬೆಲೆ ಇಳಿದರೂ ಸಾಲದ ಪತ್ರದಲ್ಲಿ ಬರೆದ ಅಂಕೆ ಇಳಿಯುವುದಿಲ್ಲ. ಏರಿದ ಕಾಲದಲ್ಲಿ ಹೆಚ್ಚಿಸಿದ ಭೂಕಂದಾಯವೂ ಇಳಿಯಲಿಲ್ಲ. 1875ರಲ್ಲಿ ಪುಣೆ ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟ ದಂಗೆಯ ಮೂಲಗಳಲ್ಲಿ, ಹತ್ತಿಯ ತೇಜಿಯ ಕಾಲದಲ್ಲಿ ಸುಲಭವಾಗಿ ದೊರೆತು ಮಂದಿಯ ಕಾಲದಲ್ಲಿ ಕೊರಳಿಗೆ ಸುತ್ತಿಕೊಂಡ ಸಾಲವೂ ಒಂದೆಂದು ಚರಿತ್ರಕಾರರು ಎಣಿಸುತ್ತಾರೆ.

ಹಾಗಾದರೆ ಇದನ್ನೆಲ್ಲ ಒಬ್ಬ ಯೋಜನಾಕರ್ತನಿಗೆ ಒಪ್ಪಿಸಿದರೆ ಆಗದೆ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ವಾದವಾಗಿ ಬೆಳೆಯಿತು. ಲುಡ್ವಿಗ್ ಫಾನ್ ಮೀಸೆಸ್ 1920ರಲ್ಲಿ, ಉತ್ಪಾದನ ಸಾಧನಗಳಿಗೆ ಪೇಟೆಯ ಬೆಲೆಯಿಲ್ಲದ ರಾಷ್ಟ್ರದಲ್ಲಿ ಯಾವ ವಿಧಾನ ಮಿತವ್ಯಯದ್ದು ಯಾವುದು ದುಂದಿನದು ಎಂದು ಲೆಕ್ಕ ಹಾಕುವುದೇ ಅಸಾಧ್ಯವೆಂದನು. ಪೋಲೆಂಡಿನ ಆಸ್ಕರ್ ಲಾಂಗೆ 1936-37ರಲ್ಲಿ ಕೊಟ್ಟ ಉತ್ತರ ಜಾಣತನದ್ದು: ಯೋಜನಾ ಮಂಡಲಿಯೇ ಬೆಲೆಗಳನ್ನು ಸಾರಲಿ, ದಾಸ್ತಾನು ಉಳಿದರೆ ಇಳಿಸಲಿ, ಸಾಲದೆ ಬಂದರೆ ಏರಿಸಲಿ, ಪೇಟೆ ಮಾಡುವ ಕೆಲಸವನ್ನು ಮಂಡಲಿಯೂ ಮಾಡಬಲ್ಲುದು. ಹಾಯೆಕನ 1945ರ ಪ್ರಬಂಧ ಈ ವಾದದ ಹಿನ್ನೆಲೆಯಲ್ಲಿ ಬಂದದ್ದು. ಅವನ ಪ್ರಕಾರ ಮಂಡಲಿಗೆ ಬೇಕಾದ ತಿಳಿವಳಿಕೆಯಲ್ಲಿ ಮುಖ್ಯವಾದುದು ವರದಿಗಳಲ್ಲಿ ಬರೆಯಲು ಬರುವಂಥದೇ ಅಲ್ಲ. ಯಾವ ಘಟ್ಟದ ದಾರಿ ಈ ವಾರ ಕೆಸರಾಗಿದೆ, ಯಾವ ಊರಿನಲ್ಲಿ ಗಾಡಿಗಳು ಖಾಲಿ ನಿಂತಿವೆ, ಯಾವ ಹೊಲದ ಎರೆ ಇನ್ನೊಂದು ವರ್ಷ ಹತ್ತಿಯನ್ನು ತಾಳೀತು ಎಂಬಂತಹ, ಸ್ಥಳಕ್ಕೂ ಕಾಲಕ್ಕೂ ಅಂಟಿಕೊಂಡ ಅರಿವು ಅದು; ಅದನ್ನು ಹೊಂದಿರುವವನೇ ಅದರಂತೆ ನಡೆದಾಗ ಮಾತ್ರ ಉಪಯೋಗಕ್ಕೆ ಬರುವುದು. ಹತ್ತಿಯ ಪ್ರಕರಣವನ್ನು ಮುಂದಿಟ್ಟುಕೊಂಡು ನೋಡಿದರೆ ಹಾಯೆಕನ ಮಾತು ಬಿತ್ತನೆ, ಸಾಗಣೆ, ಬದಲಿ ವಸ್ತುಗಳ ವಿಷಯದಲ್ಲಿ ಬಹುಮಟ್ಟಿಗೆ ನಿಲ್ಲುವುದು. ಅಮೆರಿಕದ ಯುದ್ಧ ಎಂದು ಮುಗಿದೀತೆಂಬುದನ್ನು ಊಹಿಸುವಲ್ಲಿ ಚದುರಿದ ಲಕ್ಷ ಜನರ ಅರಿವಿಗೆ ಒಂದು ಕಚೇರಿಯ ಅರಿವಿಗಿಂತ ಹೆಚ್ಚಿನ ಗೆಲವು ದೊರೆಯಲಿಲ್ಲ.

ಪೇಟೆಯೇ ಈ ಕೊರತೆಗೆ ತನ್ನದೇ ಆದ ಪರಿಹಾರವೊಂದನ್ನು ಹುಡುಕಿಕೊಂಡಿತು. ಯುದ್ಧದ ವರ್ಷಗಳಲ್ಲಿ ಲಿವರ್‌ಪೂಲಿನ ವರ್ತಕರು, ಇನ್ನೂ ಸಮುದ್ರದ ಮೇಲಿರುವ ಹತ್ತಿಯನ್ನು, ಅದು ಬಂದು ಸೇರುವ ಮೊದಲೇ, ನಿಶ್ಚಿತವಾದ ಬೆಲೆಗೆ ಕೊಳ್ಳುವ ಮಾರುವ ಕರಾರುಗಳನ್ನು ಹೆಚ್ಚಿಸಿದರು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಂತಿ ಕೆಲಸಕ್ಕೆ ಬಂದು, ಹಡಗು ತರಲು ಹತ್ತು ಹನ್ನೆರಡು ದಿನ ಹಿಡಿಯುತ್ತಿದ್ದ ಅಮೆರಿಕದ ಸುದ್ದಿ ಒಂದೇ ದಿನದಲ್ಲಿ ಬರತೊಡಗಿದ ಮೇಲೆ, ಇಂತಹ ಕರಾರುಗಳು ನಿಯಮಬದ್ಧವಾದ ವಾಯಿದೆ ವ್ಯಾಪಾರವಾಗಿ ಬೆಳೆದುವು. 1870ರಲ್ಲಿ ನ್ಯೂಯಾರ್ಕಿನಲ್ಲಿ ಹತ್ತಿಯ ವಿನಿಮಯ ಸಂಸ್ಥೆಯೂ, 1875ರಲ್ಲಿ ಮುಂಬಯಿಯಲ್ಲಿ ಹತ್ತಿ ವರ್ತಕರ ಸಂಘವೂ ಏರ್ಪಟ್ಟುವು. ವಾಯಿದೆಯ ಪೇಟೆಯಲ್ಲಿ ಇಂದಿನ ಹತ್ತಿಗೊಂದು, ಮೂರು ತಿಂಗಳ ಮುಂದಿನ ಹತ್ತಿಗೊಂದು, ಹೀಗೆ ತಿಂಗಳಿಗೊಂದು ಬೆಲೆ ಇರುವುದರಿಂದ, ಇಂದಿನದು ಹೆಚ್ಚಾಗಿಯೂ ಮುಂದಿನದು ಕಡಿಮೆಯಾಗಿಯೂ ಇದ್ದರೆ ಕೊರತೆ ತಾತ್ಕಾಲಿಕವೆಂದು ಪೇಟೆ ನಂಬಿದೆಯೆಂದು ಓದಿಕೊಳ್ಳಬಹುದು; ಎರಡೂ ಒಟ್ಟಿಗೆ ಏರಿದ್ದರೆ ಬಾವಿ ತೋಡಿಸುವ ಯೋಚನೆಗೆ ಸ್ವಲ್ಪ ಆಧಾರವುಂಟು. ಆದರೆ ಆ ಬೆಲೆಗಳು ವರ್ಷವೊಂದರಾಚೆಗೆ ಅಪೂರ್ವ. ಅಲ್ಲದೆ ಗಿಡದಲ್ಲಿ ಕಾಯಿ ಕಟ್ಟುವುದಕ್ಕೆ ಮೊದಲೇ ಸಾಹುಕಾರನಿಂದ ಮುಂಗಡ ತೆಗೆದುಕೊಂಡು, ಬೆಳೆಯನ್ನು ಅವನು ಹೇಳಿದ ದರಕ್ಕೆ ಒಪ್ಪಿಸುವ ಕಟ್ಟಿಗೆ ಸಿಕ್ಕಿದ ರೈತನಿಗೆ ಲಿವರ್‌ಪೂಲಿನ ಇಂದಿನ ಬೆಲೆಯೂ ಮುಂದಿನ ಬೆಲೆಯೂ ಸಮಾನವೇ. ಸೂಚನೆಯು ಸಾಹುಕಾರನ ಪಡಸಾಲೆಯವರೆಗೆ ಬಂದು ಅಲ್ಲಿಯೇ ನಿಲ್ಲುತ್ತಿತ್ತು.